ಸಿಹಿಯೂ ಬೇಡ, ಒಗರೂ ಬೇಡ: ಮನೆಯೂಟಕ್ಕೆ ಕೆಂಪು ವೈನ್ ಕೇಳುವ ಪತ್ರ ಹೇಗಿರಬೇಕು?

ಮನೆಗೆ ನಾಲ್ಕು ಜನರನ್ನು ಊಟಕ್ಕೆ ಕರೆದು, ಜೊತೆಗೆ ಒಂದೆರಡು ಬಾಟಲಿ ವೈನ್ ಇಡೋಣ ಅಂದುಕೊಳ್ಳುವವರು ತುಮಕೂರಿನಲ್ಲೂ ಈಗ ಸಾಕಷ್ಟಿದ್ದಾರೆ. ಅವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: "ಕೆಂಪು ವೈನೇ ಬೇಕು, ಸಿಹಿ ಇರಬಾರದು, ಆದರೆ ಕುಡಿದ ಮೇಲೆ ಬಾಯಿ ಹಿಡಿಯಬಾರದು. ಅಂಗಡಿಯಲ್ಲಿ ಏನಂತ ಕೇಳಲಿ?" ದ್ರಾಕ್ಷಿಯ ತಳಿಗಳ ಹೆಸರಿನಲ್ಲೇ ಮಾರುವ ಮರ್ಲೋ ತರಲೋ, ಪಿನೋ ನ್ವಾರ್ ತರಲೋ, ಕ್ಯಾಬರ್ನೆ ಶಿರಾಜ್ ಸಾಕೋ, ಇಲ್ಲ ಎಲ್ಲರಿಗೂ ಗೊತ್ತಿರುವ ಪೋರ್ಟನ್ನೇ ತಂದುಬಿಡಲೋ ಎಂಬ ಗೊಂದಲ ಅವರದು.

ಇದಕ್ಕೆ ನಾನು ಹೇಳುವ ಮೊದಲ ಮಾತು, ಅಂಗಡಿಗೆ ಹೋಗುವ ಮೊದಲು ಮಾಲೀಕರಿಗೆ ಒಂದು ಪತ್ರ ಬರೆಯಿರಿ. ಕಾಗದದಲ್ಲಿ ಬರೆದು ಕೊಟ್ಟರೂ ಸರಿ, ವಾಟ್ಸಾಪಿನಲ್ಲಿ ಕಳಿಸಿದರೂ ಸರಿ. ಸಂಜೆ ಏಳು ಗಂಟೆಗೆ ಬಿ.ಎಚ್. ರಸ್ತೆಯ ಅಂಗಡಿಯೊಂದರ ಕೌಂಟರ್ ಮುಂದೆ ನಿಂತು, ಹಿಂದಿನಿಂದ ಜನ ನೂಕುತ್ತಿರುವಾಗ, ವೈನಿನ ಒಗರಿನ ಬಗ್ಗೆ ಮಾತಾಡಲು ಆಗುವುದಿಲ್ಲ. ಕೌಂಟರಿನ ಹುಡುಗ ಕೈಗೆ ಸಿಕ್ಕಿದ್ದನ್ನು ಕೊಡುತ್ತಾನೆ. ತರಿಸುವ ನಿರ್ಧಾರ ಮಾಡುವವರು ಮಾಲೀಕರು, ಅವರು ಆ ಹೊತ್ತಿಗೆ ಅಂಗಡಿಯಲ್ಲಿ ಇರಬೇಕೆಂದೇನೂ ಇಲ್ಲ. ಇನ್ನೊಂದು ಕಾರಣವೂ ಇದೆ. ನಮ್ಮ ಊರಿನ ಅಂಗಡಿಗಳಲ್ಲಿ ವೈನಿಗೆ ಸಿಗುವುದು ಒಂದೋ ಎರಡೋ ಅಡ್ಡಹಲಗೆಯ ಜಾಗ. ನಿಮಗೆ ಬೇಕಾದದ್ದು ಅಲ್ಲಿ ಇಲ್ಲದಿದ್ದರೆ ರಾಜ್ಯದ ಪಾನೀಯ ನಿಗಮದ ಡಿಪೋದಿಂದ ಮುಂದಿನ ಲೋಡಿನಲ್ಲಿ ಬರಬೇಕು. ಅದೂ ರಾಜ್ಯದಲ್ಲಿ ಮಾರಾಟಕ್ಕೆ ಅನುಮತಿ ಪಡೆದ ಲೇಬಲ್ ಆಗಿದ್ದರೆ ಮಾತ್ರ. ಹಿಂದಿನ ದಿನ ಹೇಳಿದರೆ ಯಾವ ಮಾಲೀಕರಿಂದಲೂ ಏನೂ ಮಾಡಲಾಗುವುದಿಲ್ಲ. ಹತ್ತು ಹನ್ನೆರಡು ದಿನ ಮೊದಲೇ ಬರೆದು ಕೊಟ್ಟರೆ ದಾರಿ ಇರುತ್ತದೆ.

ಪತ್ರದಲ್ಲಿ ಏನು ಬರೆಯಬೇಕು ಎಂದು ಗೊತ್ತಾಗಬೇಕಾದರೆ ನಮಗೆ ಬೇಕಿರುವುದೇನು ಎಂಬುದು ಮೊದಲು ನಮಗೆ ಸ್ಪಷ್ಟವಾಗಬೇಕು. ನಾನು ಅಳೆಯುವುದು ನಾಲ್ಕು ವಿಷಯಗಳಿಂದ: ಸಿಹಿ, ಒಗರು, ಊಟದ ಖಾರ, ಮತ್ತು ಸಿಗುವ ಬೆಲೆ. ಇದರಲ್ಲಿ ಮೊದಲ ಎರಡನ್ನು ಬೆರೆಸಿಕೊಳ್ಳುವುದರಿಂದಲೇ ಮುಕ್ಕಾಲು ಪಾಲು ತಪ್ಪು ಬಾಟಲಿಗಳು ಮನೆಗೆ ಬರುವುದು.

ವೈನಿನಲ್ಲಿ ಡ್ರೈ ಎಂದರೆ ಸಿಹಿ ಇಲ್ಲದ್ದು, ಅಷ್ಟೇ. ದ್ರಾಕ್ಷಿರಸದ ಸಕ್ಕರೆಯನ್ನು ಯೀಸ್ಟ್ ಬಹುತೇಕ ಪೂರ್ತಿ ತಿಂದು ಮುಗಿಸಿರುತ್ತದೆ. ಯುರೋಪಿನ ನಿಯಮದಂತೆ ಸಾಮಾನ್ಯವಾಗಿ ಲೀಟರಿಗೆ 4 ಗ್ರಾಂಗಿಂತ ಹೆಚ್ಚು ಸಕ್ಕರೆ ಉಳಿದಿರಬಾರದು. ಒಂದು ಲೋಟಕ್ಕೆ ಲೆಕ್ಕ ಹಾಕಿದರೆ ಕಾಲು ಚಮಚ ಸಕ್ಕರೆಯೂ ಆಗುವುದಿಲ್ಲ. ಬಾಯಿ ಒಣಗಿಸುವ ಗುಣಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಆದರೆ ಅಂಗಡಿಯಲ್ಲಿ "ಡ್ರೈ ಕೊಡಿ" ಅಂದರೆ ಕೆಲವರು ಬಾಯಿ ಹಿಡಿಯುವ ಗಟ್ಟಿ ವೈನ್ ಕೊಡುತ್ತಾರೆ. "ಸ್ಮೂತ್ ಆಗಿರೋದು ಕೊಡಿ" ಅಂದರೆ ಸಿಹಿ ಪೋರ್ಟ್ ಕೊಡುತ್ತಾರೆ. ಎರಡೂ ನಮಗೆ ಬೇಡ.

ಬಾಯಿ ಹಿಡಿಯುವುದು ಟ್ಯಾನಿನ್‌ನಿಂದ. ಅಡಿಕೆ ಬೇಯಿಸುವ ಮನೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸುಲಿದ ಹಸಿ ಅಡಿಕೆ ಬೆಂದ ಮೇಲೆ ಹಂಡೆಯಲ್ಲಿ ಉಳಿಯುವ ಚೊಗರು ನಾಲಗೆಗೆ ತಾಕಿದರೆ ಏನಾಗುತ್ತದೋ, ದ್ರಾಕ್ಷಿಯ ಸಿಪ್ಪೆ ಬೀಜಗಳ ಟ್ಯಾನಿನ್ ಮಾಡುವುದೂ ಅದನ್ನೇ. ಅದು ಎಂಜಲಿನಲ್ಲಿರುವ ಪ್ರೋಟೀನಿಗೆ ಅಂಟಿಕೊಂಡು ಬಾಯಿಯ ಜಾರುತನವನ್ನು ತೆಗೆದುಬಿಡುತ್ತದೆ. ಕೆಂಪು ವೈನಿಗೆ ಬಣ್ಣ ಬರುವುದು ಸಿಪ್ಪೆಯ ಜೊತೆ ರಸವನ್ನು ಹುದುಗಿಸುವುದರಿಂದ, ಹಾಗಾಗಿ ಕೆಂಪು ಎಂದ ಮೇಲೆ ಒಂದಿಷ್ಟು ಟ್ಯಾನಿನ್ ಇದ್ದೇ ಇರುತ್ತದೆ. ಎಷ್ಟು ಎಂಬುದು ಮೂರು ಸಂಗತಿಗಳನ್ನು ಅವಲಂಬಿಸಿದೆ: ದ್ರಾಕ್ಷಿಯ ತಳಿಯ ಸಿಪ್ಪೆ ಎಷ್ಟು ದಪ್ಪ, ಸಿಪ್ಪೆ ಎಷ್ಟು ದಿನ ರಸದಲ್ಲಿ ನೆನೆದಿತ್ತು, ಮತ್ತು ಆಮೇಲೆ ಓಕ್ ಮರದ ಪೀಪಾಯಿಯಲ್ಲಿ ಇಟ್ಟಿದ್ದರೋ ಇಲ್ಲವೋ. ಹೊಸ ಪೀಪಾಯಿಯ ಮರವೂ ತನ್ನ ಪಾಲಿನ ಟ್ಯಾನಿನ್ ಬಿಡುತ್ತದೆ.

ಒಗರನ್ನೂ ಹುಳಿಯನ್ನೂ ಒಂದೇ ಅಂದುಕೊಳ್ಳುವವರು ಹಲವರಿದ್ದಾರೆ. ಗುರುತಿಸುವುದು ಸುಲಭ. ಒಂದು ಗುಟುಕು ಬಾಯಲ್ಲಿ ಆಡಿಸಿ ನುಂಗಿ, ಸ್ವಲ್ಪ ಹೊತ್ತು ಸುಮ್ಮನಿರಿ. ಬಾಯಲ್ಲಿ ನೀರೂರಿದರೆ ಅದು ಹುಳಿ. ನಾಲಗೆಯನ್ನು ವಸಡಿನ ಮೇಲೆ ಆಡಿಸಿದಾಗ ತಡೆದಂತಾದರೆ, ಕೆನ್ನೆಯ ಒಳಭಾಗ ಹಲ್ಲಿಗೆ ಅಂಟಿದಂತಾದರೆ ಅದು ಟ್ಯಾನಿನ್. ನಮಗೆ ಹುಳಿ ಇದ್ದರೆ ತೊಂದರೆಯಿಲ್ಲ, ಊಟದ ಜೊತೆ ಅದು ಬೇಕೇ ಬೇಕು. ಆದ್ದರಿಂದ ಪತ್ರದಲ್ಲಿ "ಹುಳಿ ಇರಬಾರದು" ಎಂದು ಬರೆಯಬೇಡಿ. ಬರೆದರೆ ಮತ್ತೆ ಸಿಹಿಯ ಕಡೆಗೇ ಬಾಟಲಿ ವಾಲುತ್ತದೆ.

ಮೂರನೆಯದು ಊಟ. ವೈನಿನ ಬಗ್ಗೆ ನೀವು ಓದುವ ಬಹುಪಾಲು ಸಲಹೆ ಕೆಂಪು ಮಾಂಸಕ್ಕೆ ಗಟ್ಟಿ ಕೆಂಪು ವೈನ್ ಎನ್ನುತ್ತದೆ. ಕೊಬ್ಬಿರುವ, ಉಪ್ಪು ಹಾಕಿ ಸುಟ್ಟ ಮಾಂಸಕ್ಕೆ ಅದು ಸರಿ, ಏಕೆಂದರೆ ಮಾಂಸದ ಪ್ರೋಟೀನು ಮತ್ತು ಕೊಬ್ಬು ಟ್ಯಾನಿನ್ನಿನ ಮೊನೆಯನ್ನು ಮೊಂಡು ಮಾಡುತ್ತವೆ. ನಾಟಿಕೋಳಿ ಸಾರಿಗೆ ಆ ಲೆಕ್ಕ ಹೊಂದುವುದಿಲ್ಲ. ಮೆಣಸಿನಕಾಯಿಯ ಖಾರದ ಮೇಲೆ ಟ್ಯಾನಿನ್ ಬಿದ್ದರೆ ಒಗರು ಕಹಿಯಾಗಿ ತೋರುತ್ತದೆ, ಖಾರ ಇನ್ನಷ್ಟು ಉರಿಯುತ್ತದೆ. ಆಲ್ಕೋಹಾಲ್ ಹೆಚ್ಚಿದ್ದರೆ ಆ ಉರಿ ಗಂಟಲವರೆಗೂ ಇಳಿಯುತ್ತದೆ. ಹೀಗಾಗಿ ನಮ್ಮ ಕಡೆಯ ಊಟಕ್ಕೆ ಒಗರು ಕಡಿಮೆ, ಆಲ್ಕೋಹಾಲ್ ಸುಮಾರು 13 ಶೇಕಡದ ಒಳಗೆ, ಹುಳಿ ಚುರುಕಾಗಿರುವ ವೈನ್ ಬೇಕು. ಲೇಬಲ್ಲಿನಲ್ಲಿ ಆಲ್ಕೋಹಾಲ್ ಪ್ರಮಾಣ ಅಚ್ಚಾಗಿಯೇ ಇರುತ್ತದೆ, ನೋಡಿ ತೆಗೆದುಕೊಳ್ಳಬಹುದು.

ಬೆಲೆಯ ಮಾತನ್ನು ಬಾಟಲಿಗಳ ಜೊತೆಗೇ ಹೇಳುತ್ತೇನೆ.

ಅಂಗಡಿಯಲ್ಲಿ ಎದುರಾಗುವ ಬಾಟಲಿಗಳು

ಪೋರ್ಟ್ ಎಂಬ ಹೆಸರಿನಲ್ಲಿ ನಮ್ಮಲ್ಲಿ ಮಾರುವ ಕೆಂಪು ವೈನ್ ಎಲ್ಲ ಅಂಗಡಿಯಲ್ಲೂ ಇರುತ್ತದೆ, ಎಲ್ಲಕ್ಕಿಂತ ಅಗ್ಗ. ಅದರಲ್ಲಿ ಎಷ್ಟೋ ಬಾಟಲಿಗಳಿಗೆ ಬೆಂಗಳೂರು ಬ್ಲೂ ದ್ರಾಕ್ಷಿಯೇ ಆಧಾರ. ದೇವನಹಳ್ಳಿ, ಚಿಕ್ಕಬಳ್ಳಾಪುರ, ಕೋಲಾರದ ತೋಟಗಳ ಆ ಕಪ್ಪು ನೀಲಿ ಹಣ್ಣು ನಮ್ಮದೇ ಎಂಬ ಅಭಿಮಾನ ನನಗೂ ಇದೆ. ಭೌಗೋಳಿಕ ಗುರುತು ಪಡೆದ ತಳಿ ಅದು. ಒಗರೂ ಕಡಿಮೆ. ಆದರೆ ಅದರಿಂದ ಮಾಡುವ ವೈನನ್ನು ಬಹುಮಟ್ಟಿಗೆ ಸಿಹಿಯಾಗಿಯೇ ಮಾಡುತ್ತಾರೆ. ಸಾರು ಮುದ್ದೆಯ ಜೊತೆ ಸಿಹಿ ವೈನ್ ಎರಡನೇ ಲೋಟಕ್ಕೆ ಬೇಜಾರಾಗುತ್ತದೆ. ಡ್ರೈ ಕೇಳಿದ ಅತಿಥಿಗಂತೂ ಅದನ್ನು ಕೊಡುವ ಹಾಗಿಲ್ಲ. ಪತ್ರದಲ್ಲಿ "ಪೋರ್ಟ್ ಬೇಡ" ಎಂಬ ಎರಡು ಪದ ಇರಲೇಬೇಕು.

ಕ್ಯಾಬರ್ನೆ ಸೋವಿನ್ಯೋನ್, ಶಿರಾಜ್, ಅಥವಾ ಇವೆರಡರ ಮಿಶ್ರಣ ನಂತರದ್ದು. ಭಾರತದ ಡ್ರೈ ಕೆಂಪು ವೈನುಗಳಲ್ಲಿ ನಿಮಗೆ ಹೆಚ್ಚಾಗಿ ಕಾಣುವುದು ಇವೇ. ನಂದಿಬೆಟ್ಟದ ತಪ್ಪಲಿನಲ್ಲಿ, ದೊಡ್ಡಬಳ್ಳಾಪುರದ ಕಡೆ ಗ್ರೋವರ್ ತೋಟ 1988ರಲ್ಲಿ ಶುರುವಾಯಿತು. ಅವರ ಹೆಸರಾಂತ ವೈನ್ ಲಾ ರಿಸರ್ವ್ ಕೂಡ ಕ್ಯಾಬರ್ನೆ ಶಿರಾಜ್ ಮಿಶ್ರಣವೇ. ಒಳ್ಳೆಯ ವೈನ್, ಡ್ರೈ ಹೌದು, ನಮ್ಮ ಪಕ್ಕದ್ದೂ ಹೌದು. ಆದರೆ ಕ್ಯಾಬರ್ನೆಯ ಹಣ್ಣು ಚಿಕ್ಕದು, ಸಿಪ್ಪೆ ದಪ್ಪ, ರಸಕ್ಕೆ ಹೋಲಿಸಿದರೆ ಸಿಪ್ಪೆ ಬೀಜದ ಪಾಲು ಹೆಚ್ಚು. ಅದರ ಮೇಲೆ ರಿಸರ್ವ್ ಎಂದು ಬರೆದ ಬಾಟಲಿ ಸಾಮಾನ್ಯವಾಗಿ ಪೀಪಾಯಿ ಕಂಡಿರುತ್ತದೆ. ಒಗರು ಬೇಡ ಎನ್ನುವವರಿಗೆ ಇದು ಸರಿಹೋಗದು. ಬೆಲೆ ಒಪ್ಪುತ್ತದೆ, ಹೆಸರು ಗೊತ್ತಿದೆ ಎಂದು ಇದನ್ನೇ ತಂದಿಟ್ಟು ಅತಿಥಿ ಅರ್ಧ ಲೋಟ ಬಿಟ್ಟೆದ್ದರೆ ಉಳಿತಾಯ ಎಲ್ಲಿ ಬಂತು? ಇಟಲಿ ಮೂಲದ ಸ್ಯಾಂಜಿಯೊವೇಸೆ ತಳಿಯ ವೈನೂ ಈಗ ಭಾರತದಲ್ಲಿ ತಯಾರಾಗುತ್ತದೆ. ಹುಳಿ ಚೆನ್ನಾಗಿದ್ದರೂ ಒಗರಿನಲ್ಲಿ ಅದು ಈ ಗುಂಪಿಗೇ ಹತ್ತಿರ.

ಮರ್ಲೋ ನಡುವಿನದು. ಕ್ಯಾಬರ್ನೆಗಿಂತ ಸಿಪ್ಪೆ ತೆಳು, ಹಣ್ಣು ದೊಡ್ಡದು, ಬೇಗ ಮಾಗುತ್ತದೆ. ಹಾಗಾಗಿ ಒಗರು ಮೃದು. ಕಡಿಮೆ ಎಂದು ನಾನು ಹೇಳಲಾರೆ, ಮಧ್ಯಮ. ಇದರ ದೊಡ್ಡ ಅನುಕೂಲವೆಂದರೆ ದೇಶದೊಳಗೆ ತಯಾರಾಗುತ್ತದೆ, ಆದ್ದರಿಂದ ಆಮದು ಸುಂಕದ ಭಾರವಿಲ್ಲದೆ ಸಿಗುತ್ತದೆ. ಜಿಲ್ಲಾ ಕೇಂದ್ರದ ಅಂಗಡಿಗೆ ತರಿಸುವುದೂ ಕಷ್ಟವಲ್ಲ. ಕೊಳ್ಳುವಾಗ ಎಚ್ಚರ ಒಂದೇ: ಪೀಪಾಯಿಯಲ್ಲಿ ಇಟ್ಟದ್ದು, ರಿಸರ್ವ್ ಎನ್ನುವುದು ಬೇಡ, ಸಾದಾ ಮರ್ಲೋ ಸಾಕು. ಇಲ್ಲಿ ಕಡಿಮೆ ಬೆಲೆಯ ಬಾಟಲಿಯೇ ನಮ್ಮ ಕೆಲಸಕ್ಕೆ ಹೆಚ್ಚು ಒಳ್ಳೆಯದು. ಅಂಗಡಿಯಲ್ಲಿ "ಸ್ವಲ್ಪ ಹೆಚ್ಚು ಕೊಟ್ಟರೆ ರಿಸರ್ವ್ ಬರುತ್ತೆ" ಎಂದರೆ ವಿನಯದಿಂದ ಬೇಡವೆನ್ನಿ. ಇನ್ನು ಮರ್ಲೋ ಮಾಲ್ಬೆಕ್ ಎಂಬ ಮಿಶ್ರಣ ಸಿಕ್ಕರೆ ಅದು ಬರೀ ಮರ್ಲೋಗಿಂತ ಒಂದು ಮೆಟ್ಟಿಲು ಗಟ್ಟಿ ಎಂದು ತಿಳಿಯಿರಿ.

ಜಿನ್‌ಫ್ಯಾಂಡೆಲ್ ಎಂಬ ತಳಿಯ ಕೆಂಪು ವೈನ್ ನಾಸಿಕದ ಕಡೆಯಿಂದ ಬರುತ್ತದೆ. ಹಣ್ಣಿನ ರುಚಿ ಹೇರಳ, ಒಗರು ಮಧ್ಯಮ. ತುಂಬ ಮಾಗಿದ ಹಣ್ಣಿನ ಪರಿಮಳದಿಂದಾಗಿ ಡ್ರೈ ಇದ್ದರೂ ಸಿಹಿ ಇದ್ದಂತೆ ಭಾಸವಾಗುತ್ತದೆ. ಮೊದಲ ಸಲ ವೈನ್ ಕುಡಿಯುವವರು ನಾಲ್ಕು ಜನ ಇದ್ದರೆ ಇದನ್ನು ನಾನು ಧೈರ್ಯವಾಗಿ ಇಡುತ್ತೇನೆ. ಡ್ರೈ ಬೇಕೆಂದು ಬಾಯಿಬಿಟ್ಟು ಹೇಳಿದ ಅತಿಥಿಗೆ ಮಾತ್ರ ಎರಡನೇ ಸಾಲಿನಲ್ಲಿ ಇಡುತ್ತೇನೆ.

ಪಿನೋ ನ್ವಾರ್ ನಾವು ಹುಡುಕುತ್ತಿರುವುದಕ್ಕೆ ನೇರ ಉತ್ತರ. ಸಿಪ್ಪೆ ತೆಳು, ಲೋಟದಲ್ಲಿ ಸುರಿದಾಗ ಹಿಂದಿನ ಬೆರಳು ಕಾಣುವಷ್ಟು ತಿಳಿ ಕೆಂಪು, ಒಗರು ಕಡಿಮೆ, ಹುಳಿ ಚುರುಕು. ಮೂಲ ಊರು ಫ್ರಾನ್ಸಿನ ಬರ್ಗಂಡಿ. ಅಲ್ಲಿಯ ಹೆಸರಾಂತ ಬಾಟಲಿಗಳ ಬೆಲೆ ನಮ್ಮ ಊಟಕ್ಕೆ ಬೇಡದ ಮಾತು. ಆಸ್ಟ್ರೇಲಿಯಾ, ಚಿಲಿ ದೇಶದ ಸಾದಾ ಪಿನೋ ನ್ವಾರ್ ಸಾಕು. ತೊಂದರೆ ಎರಡು. ಬಿಸಿ ಪ್ರದೇಶದಲ್ಲಿ ಈ ತಳಿ ಸುಲಭಕ್ಕೆ ಒಗ್ಗುವುದಿಲ್ಲ, ಹಾಗಾಗಿ ನಿಮಗೆ ಸಿಗುವುದು ಬಹುತೇಕ ಆಮದು ಬಾಟಲಿಯೇ, ಸುಂಕ ಸೇರಿ ಬೆಲೆ ಏರುತ್ತದೆ. ಎರಡನೆಯದು, ತುಮಕೂರಿನ ಅಂಗಡಿಯವರು ನಿಮ್ಮ ನಾಲ್ಕು ಬಾಟಲಿಗಾಗಿ ಇಡೀ ಪೆಟ್ಟಿಗೆ ತರಿಸಬೇಕಾಗಬಹುದು. ಉಳಿದದ್ದು ಅವರ ಬಳಿ ಕೂತರೆ ನಷ್ಟ. ಇದನ್ನು ಅರ್ಥ ಮಾಡಿಕೊಂಡು ಪತ್ರ ಬರೆದರೆ ಮಾಲೀಕರೂ ಮನಸ್ಸಿಟ್ಟು ನೋಡುತ್ತಾರೆ.

ಫ್ರಾನ್ಸಿನದೇ ಇನ್ನೊಂದು, ಗಮೇ ದ್ರಾಕ್ಷಿಯಿಂದ ಮಾಡುವ ಬೋಜೊಲೇ. ಅಲ್ಲಿ ಗೊಂಚಲನ್ನು ಅರೆಯದೆ ಇಡಿಯಾಗಿಯೇ ತೊಟ್ಟಿಗೆ ತುಂಬಿ, ಇಂಗಾಲದ ಡೈಆಕ್ಸೈಡ್ ತುಂಬಿದ ಗಾಳಿಯಲ್ಲಿ ಹಣ್ಣಿನೊಳಗೇ ಹುದುಗು ಆರಂಭವಾಗುವಂತೆ ಮಾಡುತ್ತಾರೆ. ಬಣ್ಣವೂ ಹಣ್ಣಿನ ಪರಿಮಳವೂ ಇಳಿಯುತ್ತವೆ, ಬೀಜ ಸಿಪ್ಪೆಯ ಟ್ಯಾನಿನ್ ಹೆಚ್ಚು ಇಳಿಯುವುದಿಲ್ಲ. ಸಿಹಿ, ಒಗರು, ಖಾರದ ಅಳತೆಗೆಲ್ಲ ಹೊಂದುವ ವೈನ್ ಇದು, ತಣ್ಣಗೆ ಮಾಡಿ ಕೊಟ್ಟರೆ ನಾಟಿಕೋಳಿ ಸಾರಿನ ಜೊತೆ ಇದಕ್ಕಿಂತ ಚೆಂದದ್ದು ನನಗೆ ಗೊತ್ತಿಲ್ಲ. ಆದರೆ ಇದನ್ನು ತುಮಕೂರಿನ ಕೌಂಟರಿನಲ್ಲಿ ನಿರೀಕ್ಷಿಸುವುದು ಕಷ್ಟ. ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ವಿಚಾರಿಸಬಹುದು, ಎಪ್ಪತ್ತು ಕಿಲೋಮೀಟರ್ ದೂರ. ಯಾರಾದರೂ ಅಲ್ಲಿಗೆ ಹೋಗಿಬರುವವರಿದ್ದರೆ ಮಾತ್ರ ಈ ದಾರಿ.

ಕೊನೆಗೆ ಡ್ರೈ ರೋಸೇ. ಇದು ಕೆಂಪಲ್ಲ, ತಿಳಿ ಗುಲಾಬಿ. ಸಿಪ್ಪೆಯನ್ನು ಕೆಲವೇ ಗಂಟೆ ಇಟ್ಟು ತೆಗೆಯುವುದರಿಂದ ಒಗರು ಇಲ್ಲವೇ ಇಲ್ಲ ಎನ್ನಬಹುದು. ದೇಶದ್ದೇ ಸಿಗುತ್ತದೆ, ಬೆಲೆಯೂ ಹಗುರ. ಆದರೆ ಕೆಲವು ರೋಸೇಗಳಲ್ಲಿ ಸಿಹಿ ಇರುತ್ತದೆ, ಲೇಬಲ್ ಓದಬೇಕು. ಕೆಂಪು ಕೇಳಿದವರಿಗೆ ಇದನ್ನು ಕೊಡುವುದು ಪೂರ್ತಿ ಸರಿಯಲ್ಲ. ಖಾರದೂಟಕ್ಕೆ ಮಾತ್ರ ಒಗರಿನ ಕ್ಯಾಬರ್ನೆಗಿಂತ ಇದು ಮೇಲು.

ಪತ್ರದ ಮೂರು ರೀತಿ

ಈಗ ಪತ್ರಕ್ಕೆ ಬರೋಣ. ಒಂದು ಬ್ರ್ಯಾಂಡಿನ ಹೆಸರು ಬರೆದು "ಇದನ್ನೇ ತರಿಸಿ" ಎನ್ನುವುದು ಒಂದು ರೀತಿ. ಅದು ಸಿಕ್ಕಿದರೆ ಸರಿ. ಇಲ್ಲದಿದ್ದರೆ ಮಾಲೀಕರಿಗೆ ಬದಲಿಗೆ ಏನು ಕೊಡಬೇಕೆಂದು ತಿಳಿಯುವುದಿಲ್ಲ, ಅದೇ ಕಂಪನಿಯ ಬೇರೆ ಬಾಟಲಿ ಕೊಡುತ್ತಾರೆ. ಅದು ಕ್ಯಾಬರ್ನೆ ಆಗಿರಬಹುದು. ಬರೀ ರುಚಿ ವರ್ಣಿಸುವುದು ಎರಡನೇ ರೀತಿ. "ಮೃದುವಾಗಿ, ಹಣ್ಣಿನ ರುಚಿಯಾಗಿ" ಎಂದು ಬರೆದರೆ ಸಿಹಿಯೇ ಬರುತ್ತದೆ. ನನಗೆ ಒಪ್ಪುವುದು ಮೂರನೆಯದು: ರುಚಿಯನ್ನು ಎರಡೇ ಮಾತಿನಲ್ಲಿ ಹೇಳಿ, ದ್ರಾಕ್ಷಿಯ ಹೆಸರುಗಳನ್ನು ನಮ್ಮ ಇಷ್ಟದ ಕ್ರಮದಲ್ಲಿ ಬರೆದು, ಬೇಡವಾದವುಗಳನ್ನು ಹೆಸರಿಟ್ಟು ಹೇಳುವುದು. ಜೊತೆಗೆ ಎಷ್ಟು ಬಾಟಲಿ, ಎಷ್ಟು ಬೆಲೆ, ಯಾವತ್ತಿಗೆ. ಎಣ್ಣೆ ಮಾರುವುದರಲ್ಲಿ ನುರಿತ ಮಾಲೀಕರಿಗೆ ವೈನಿನ ತಳಿಗಳು ಪರಿಚಯ ಇಲ್ಲದಿದ್ದರೂ ಲೇಬಲ್ಲಿನ ಮೇಲೆ ಆ ಹೆಸರನ್ನು ಹುಡುಕಲು ಬರುತ್ತದೆ. ಲೇಬಲ್ ಇಂಗ್ಲಿಷಿನಲ್ಲೇ ಇರುವುದರಿಂದ ದ್ರಾಕ್ಷಿಯ ಹೆಸರುಗಳನ್ನು ಪಕ್ಕದಲ್ಲಿ ಇಂಗ್ಲಿಷ್ ಅಕ್ಷರದಲ್ಲೂ ಬರೆದುಕೊಡಿ.

ಒಂದು ಊಟವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಎಂಟು ಜನ ದೊಡ್ಡವರು, ಅದರಲ್ಲಿ ಕುಡಿಯುವವರು ಆರು. ನಾಟಿಕೋಳಿ ಸಾರು, ಮುದ್ದೆ, ಸ್ವಲ್ಪ ಮಟನ್ ಫ್ರೈ, ಸಸ್ಯಾಹಾರಿಗಳಿಗೆ ಹಿತಕಿದವರೆ ಸಾರು. ಸಾಮಾನ್ಯ ಬಾಟಲಿ 750 ಮಿಲಿಲೀಟರ್, ಲೋಟಕ್ಕೆ 150 ಮಿಲಿಲೀಟರ್ ಹಾಕಿದರೆ ಐದು ಲೋಟ. ಆರು ಜನರಿಗೆ ತಲಾ ಎರಡೂವರೆ ಲೋಟ ಅಂದರೆ ಹದಿನೈದು ಲೋಟ, ಮೂರು ಬಾಟಲಿ. ಒಂದು ಕೆಟ್ಟಿದ್ದರೆ ಎಂದು ಇನ್ನೊಂದು ಸೇರಿಸಿ ನಾಲ್ಕು. ನಾನು ಬರೆದರೆ ಪತ್ರ ಹೀಗಿರುತ್ತದೆ:

"ಅಂಗಡಿ ಮಾಲೀಕರಾದ ಅಣ್ಣನವರಿಗೆ ನಮಸ್ಕಾರ.

ಮುಂದಿನ ವಾರ ಬಿಟ್ಟು ಅದರಾಚೆಯ ಶನಿವಾರ ನಮ್ಮ ಮನೆಯಲ್ಲಿ ಊಟವಿದೆ. ಅದಕ್ಕೆ ನಾಲ್ಕು ಬಾಟಲಿ ಕೆಂಪು ವೈನ್ ಬೇಕು, 750 ಮಿಲಿಲೀಟರಿನದು. ವೈನ್ ಡ್ರೈ ಇರಬೇಕು, ಅಂದರೆ ಸಿಹಿ ಇರಬಾರದು. ಒಗರು ಕಡಿಮೆ ಇರಬೇಕು, ಕುಡಿದ ಮೇಲೆ ಬಾಯಿ ಒಣಗಬಾರದು. ಹುಳಿ ಇದ್ದರೆ ಪರವಾಗಿಲ್ಲ. ಊಟ ನಾಟಿಕೋಳಿ ಸಾರಿನದು, ಖಾರ ಇರುತ್ತದೆ.

ಮೊದಲು ಪಿನೋ ನ್ವಾರ್ ಇದೆಯೇ ನೋಡಿ, ಯಾವ ದೇಶದ್ದಾದರೂ ಆಗುತ್ತದೆ. ಅದು ಬಾರದಿದ್ದರೆ ಸಾದಾ ಮರ್ಲೋ ಕೊಡಿ, ರಿಸರ್ವ್ ಅಥವಾ ಓಕ್ ಎಂದು ಬರೆದದ್ದು ಬೇಡ. ಎರಡೂ ಇಲ್ಲದಿದ್ದರೆ ಡ್ರೈ ರೋಸೇ ತೆಗೆದಿಡಿ. ಪೋರ್ಟ್, ಕ್ಯಾಬರ್ನೆ, ಶಿರಾಜ್ ದಯವಿಟ್ಟು ಬೇಡ.

ಪಿನೋ ನ್ವಾರ್ ಆದರೆ ಬಾಟಲಿಗೆ 2,000 ರೂಪಾಯಿವರೆಗೆ, ಮರ್ಲೋ ಅಥವಾ ರೋಸೇ ಆದರೆ 1,000 ರೂಪಾಯಿವರೆಗೆ ಕೊಡಬಲ್ಲೆ. ಪಿನೋ ನ್ವಾರಿಗೆ ಇಡೀ ಪೆಟ್ಟಿಗೆ ತರಿಸಬೇಕಾದರೆ ಮೊದಲು ತಿಳಿಸಿ, ನನಗಾಗಿ ನೀವು ನಷ್ಟ ಮಾಡಿಕೊಳ್ಳುವುದು ಬೇಡ. ಮಳಿಗೆಯ ಮೇಲಿನ ಸಾಲಿನಲ್ಲಿ ಬಹಳ ದಿನದಿಂದ ನಿಂತಿರುವ ಬಾಟಲಿ ಬೇಡ, ಪೆಟ್ಟಿಗೆಯೊಳಗಿನದು ಕೊಡಿ. ಗುರುವಾರ ಬೆಳಿಗ್ಗೆ ನಾನೇ ಬಂದು ಹಣ ಕೊಟ್ಟು ತೆಗೆದುಕೊಂಡು ಹೋಗುತ್ತೇನೆ."

ಇದರಲ್ಲಿ ಯಾವ ಸಾಲನ್ನು ಬಿಟ್ಟರೂ ಬಿಡಿ, "ಇದು ಇಲ್ಲದಿದ್ದರೆ ಅದು" ಎನ್ನುವುದನ್ನೂ "ಬೇಡ" ಎನ್ನುವುದನ್ನೂ ಬಿಡಬೇಡಿ. ಬೆಲೆಯನ್ನು ಎರಡು ಹಂತವಾಗಿ ಬರೆದದ್ದಕ್ಕೂ ಕಾರಣವಿದೆ. ಒಂದೇ ದೊಡ್ಡ ಮೊತ್ತ ಬರೆದರೆ ಆ ಬೆಲೆಗೆ ಸಿಗುವ ದುಬಾರಿ ಮರ್ಲೋ, ಅಂದರೆ ಪೀಪಾಯಿಯದು, ನಿಮ್ಮ ಕೈಗೆ ಬರುವ ಸಾಧ್ಯತೆ ಹೆಚ್ಚು.

ಬಾಟಲಿ ಕೈಗೆ ಬಂದಾಗ

ಪೆಟ್ಟಿಗೆಯೊಳಗಿನದು ಕೇಳಿದ್ದು ಬಿಸಿಲಿನ ಭಯಕ್ಕೆ. ಒಗರು ಕಡಿಮೆ ಇರುವ ಹಗುರ ವೈನುಗಳು ಇಟ್ಟಷ್ಟೂ ಸುಧಾರಿಸುವಂಥವಲ್ಲ. ಅವುಗಳನ್ನು ಕಾಯುವ ಟ್ಯಾನಿನ್ನೇ ಕಡಿಮೆ ಇರುತ್ತದೆ. ಲೇಬಲ್ಲಿನಲ್ಲಿ ದ್ರಾಕ್ಷಿ ಕೊಯ್ದ ವರ್ಷ ಇದ್ದರೆ ಎರಡು ಮೂರು ವರ್ಷದೊಳಗಿನದನ್ನು ಆರಿಸಿ. ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಮಾಡಿನ ಅಂಗಡಿಯೊಳಗೆ ನಿಂತ ಬಾಟಲಿಯಲ್ಲಿ ವೈನ್ ಹಿಗ್ಗಿ ಕಾರ್ಕನ್ನು ಮೇಲಕ್ಕೆ ತಳ್ಳುತ್ತದೆ. ಬಾಯಿಯ ಮೇಲಿನ ಹೊದಿಕೆಯನ್ನು ಬೆರಳಿನಿಂದ ಸವರಿ ನೋಡಿ. ಉಬ್ಬಿದ್ದರೆ, ಅಂಟಂಟಾಗಿದ್ದರೆ, ಕತ್ತಿನಲ್ಲಿ ವೈನಿನ ಮಟ್ಟ ಪಕ್ಕದ ಬಾಟಲಿಗಿಂತ ತಗ್ಗಿದ್ದರೆ ಬೇರೆ ಕೇಳಿ. ತಿರುಗಣೆ ಮುಚ್ಚಳದ್ದಾದರೆ ಈ ಗುರುತು ಕಾಣುವುದಿಲ್ಲ, ಬೆಳಕಿಗೆ ಹಿಡಿದು ಬಣ್ಣ ನೋಡಬೇಕು. ಕೆಂಪು ಮಾಸಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದರೆ ಹಳತಾಗಿದೆ. ಬಿಸಿಲು ತಿಂದ ವೈನ್ ತೆರೆದ ಮೇಲೆ ಬೇಯಿಸಿದ ಹಣ್ಣಿನ ವಾಸನೆ ಬರುತ್ತದೆ, ಹುಳಿಯ ಚುರುಕು ಹೋಗಿರುತ್ತದೆ. ಮನೆಗೆ ತರುವಾಗಲೂ ಕಾರಿನೊಳಗೆ ಬಿಸಿಲಲ್ಲಿ ಬಿಡಬೇಡಿ. ಬೆಳಿಗ್ಗೆ ಬರುತ್ತೇನೆ ಎಂದು ಬರೆದದ್ದು ಅದಕ್ಕೂ ಸೇರಿ.

ಕೆಂಪು ವೈನನ್ನು ಕೋಣೆಯ ಶಾಖದಲ್ಲಿ ಕೊಡಬೇಕು ಎನ್ನುವ ಮಾತು ಚಳಿ ದೇಶದ ಕೋಣೆಗೆ ಸರಿ. ನಮ್ಮ ಮೂವತ್ತು ಡಿಗ್ರಿ ಕೋಣೆಯಲ್ಲಿ ಆಲ್ಕೋಹಾಲಿನ ಘಾಟು ಮುಂದೆ ಬಂದು ಉಳಿದ ರುಚಿ ಮುಚ್ಚಿಹೋಗುತ್ತದೆ. ಪಿನೋ ನ್ವಾರನ್ನು ಊಟಕ್ಕೆ ಸುಮಾರು ಎರಡೂವರೆ ಗಂಟೆ ಮೊದಲು ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ, ಸುಮಾರು 14 ಡಿಗ್ರಿಗೆ ಹತ್ತಿರ ಬಂದರೆ ಹಿತ. ಮರ್ಲೋಗೆ ಎರಡು ಗಂಟೆ ಸಾಕು. ತೀರಾ ತಣ್ಣಗಾದರೆ ಇರುವ ಒಗರೂ ಎದ್ದು ಕಾಣುತ್ತದೆ, ಮರ್ಲೋಗೆ ಅವಧಿ ಕಡಿಮೆ ಇಟ್ಟದ್ದು ಅದಕ್ಕೇ. ರೋಸೇ ಆದರೆ ಪೂರ್ತಿ ತಣ್ಣಗೆ.

ಹಣ ಮತ್ತು ಅತಿಥಿಗಳನ್ನು ನೋಡಿಕೊಂಡು ಪತ್ರವನ್ನು ಬದಲಿಸಿಕೊಳ್ಳಬಹುದು. ಕೈ ಬಿಗಿ ಇದ್ದರೆ ಪಿನೋ ನ್ವಾರ್ ಸಾಲನ್ನೇ ತೆಗೆದುಬಿಡಿ. ಸಾದಾ ಮರ್ಲೋ ನಾಲ್ಕು ತಂದು, ಸಾರಿನ ಖಾರವನ್ನು ಒಂದು ಚಮಚ ಕಡಿಮೆ ಮಾಡಿ, ತೆಂಗಿನಕಾಯಿ ಅರೆದದ್ದನ್ನು ಸ್ವಲ್ಪ ಹೆಚ್ಚು ಹಾಕಿ. ಕಾಯಿಯ ಜಿಡ್ಡು ಒಗರನ್ನೂ ಖಾರವನ್ನೂ ಎರಡನ್ನೂ ತಗ್ಗಿಸುತ್ತದೆ, ಊಟವೂ ವೈನೂ ಹೊಂದುತ್ತವೆ. ಒಗರೆಂದರೆ ಆಗದ ಅತಿಥಿ ಒಬ್ಬರೇ, ಉಳಿದವರು ಏನು ಕೊಟ್ಟರೂ ಕುಡಿಯುತ್ತಾರೆ ಎಂದಾದರೆ ಎರಡು ಪಿನೋ ನ್ವಾರ್, ಎರಡು ಮರ್ಲೋ ಎಂದು ಬರೆಯಿರಿ. ಪಿನೋ ನ್ವಾರನ್ನು ಮೊದಲು ತೆಗೆದು ಸಾರು ಮುದ್ದೆಯ ಜೊತೆ ಬಡಿಸಿ, ಮಟನ್ ಫ್ರೈ ಬರುವ ಹೊತ್ತಿಗೆ ಮರ್ಲೋ ತೆಗೆಯಿರಿ. ಹಿಂದುಮುಂದಾದರೆ ಪಿನೋ ನ್ವಾರ್ ನೀರಿನಂತೆ ತೋರುತ್ತದೆ. ಹಣದ ಚಿಂತೆಯಿಲ್ಲ, ಬೆಂಗಳೂರಿಗೆ ಹೋಗಿಬರುವವರೂ ಇದ್ದಾರೆ ಎಂದರೆ ಪಟ್ಟಿಯ ಮೊದಲಿಗೆ ಬೋಜೊಲೇ ಬರೆದು ಅಲ್ಲಿಯ ಅಂಗಡಿಗೆ ಅದೇ ಪತ್ರ ಕೊಡಿ.

ಮಾಲೀಕರಿಂದ "ಕ್ಯಾಬರ್ನೆ ಶಿರಾಜ್ ಬಿಟ್ಟರೆ ಬೇರೆ ಕೆಂಪು ಬರಲ್ಲ" ಎಂಬ ಉತ್ತರ ಬಂದರೆ, ಬೇರೆ ಅಂಗಡಿಗೆ ಅದೇ ಪತ್ರ ಕೊಟ್ಟು ನೋಡಿ. ಅಲ್ಲೂ ಅದೇ ಉತ್ತರವಾದರೆ ಅಡುಗೆಯನ್ನೇ ವೈನಿನ ಕಡೆ ತಿರುಗಿಸಿ. ಕೊಬ್ಬಿರುವ ಮಟನನ್ನು ಉಪ್ಪು, ಕಾಳುಮೆಣಸು ಹಾಕಿ ಹುರಿದು ಮೊದಲು ಬಡಿಸಿ, ಆ ಹೊತ್ತಿಗೆ ವೈನ್ ಕೊಟ್ಟು ಮುಗಿಸಿ, ಕೆಂಪು ಮೆಣಸಿನಕಾಯಿಯ ಸಾರನ್ನು ಆಮೇಲೆ ತನ್ನಿ. ಬಾಟಲಿಯನ್ನು ಒಂದು ಗಂಟೆ ಮೊದಲು ಅಗಲ ಬಾಯಿಯ ಜಗ್ಗಿಗೆ ಸುರಿದಿಟ್ಟರೆ ಒರಟುತನ ಒಂದಿಷ್ಟು ಇಳಿದಂತೆ ಅನಿಸುತ್ತದೆ, ಆದರೆ ಒಗರೇನೂ ಮಾಯವಾಗುವುದಿಲ್ಲ. ಒಗರೆಂದರೆ ಆಗದ ಅತಿಥಿಗಾಗಿ ಡ್ರೈ ರೋಸೇ ಒಂದು ಬಾಟಲಿ ಫ್ರಿಜ್ಜಿನಲ್ಲಿ ಇಟ್ಟಿರಿ.